‘ಸದ್ಯಕ್ಕೆ ಬೇಡ’ ಎಂದ ಹೂಡಿಕೆದಾರರಿಗೆ ಏನು ಬರೆಯಬೇಕು?

ಪ್ರಶ್ನೆ: ಬ್ಯಾಡಗಿ ಕಡೆ ಮೆಣಸಿನಕಾಯಿ ಒಣಗಿಸುವ ಡ್ರೈಯರ್ ಬಾಡಿಗೆಗೆ ಕೊಡುತ್ತೇವೆ. 9 ಗಿರಾಕಿಗಳಿದ್ದಾರೆ. ಒಂದೂವರೆ ಕೋಟಿ ಕೇಳಿದ್ದೆವು. ‘ಇನ್ನೂ ಬೇಗ ಆಯ್ತು, ಸದ್ಯಕ್ಕೆ ಬೇಡ’ ಎಂದು ಮೇಲ್ ಬಂದಿದೆ. ಉತ್ತರದ ಕರಡು ಕಳಿಸಿದ್ದೇನೆ. ಸರಿ ಇದೆಯಾ?

ಸರಿ ಇಲ್ಲ. ಮೂರು ಪ್ಯಾರಾ ಪೂರ್ತಿ ವಾದವೇ ಇದೆ. ಹೂಡಿಕೆದಾರರ ಜೊತೆ ಎಷ್ಟೋ ವರ್ಷ ಕೂತಿದ್ದೇನೆ. ವಾದದ ಪತ್ರ ಓದಿ ತೀರ್ಮಾನ ಬದಲಿಸಿದವರನ್ನು ಒಬ್ಬರನ್ನೂ ನೋಡಿಲ್ಲ. ‘ಬೇಡ ಅಂದ್ರೂ ಬೆನ್ನು ಬಿಡಬೇಡಿ’ ಎಂದು ಕಾಸು ತೆಗೆದುಕೊಂಡು ಹೇಳಿಕೊಡುವ ಫಂಡಿಂಗ್ ಕೋಚ್‌ಗಳ ಮಾತು ದಯವಿಟ್ಟು ಕೇಳಬೇಡಿ.

‘ಯಾಕೆ ಬೇಡ ಅಂದಿರಿ?’ ಎಂದು ಸುಮ್ನೆ ಕೇಳಿದರೂ ಪ್ರಯೋಜನವಿಲ್ಲ. ‘ಬೇಗ ಆಯ್ತು’ ಎಂಬುದು ನೋಯಿಸದೆ ಹೇಳುವ ಮಾತು. ಅದರ ಹಿಂದೆ ಏನು ಬೇಕಾದರೂ ಇರಬಹುದು. ನಿಮ್ಮ ಊಹೆಯನ್ನು ನೀವೇ ಮುಂದಿಡಿ. ಆಗ ಅವರು ಹೌದು, ಅಲ್ಲ ಎಂದರೆ ಸಾಕು. ನಿಮ್ಮ ಲೆಕ್ಕ ನೋಡಿದಾಗ ನನಗೆ ಕಂಡದ್ದು ಇಷ್ಟು: ಮೆಣಸಿನ ಸುಗ್ಗಿ ಮುಗಿದ ಮೇಲೆ ಯಂತ್ರಗಳು ಖಾಲಿ ನಿಲ್ಲುತ್ತವೆ. ಅವರಿಗೂ ಅದು ಕಂಡಿರುತ್ತದೆ, ಅಲ್ವಾ?

ಎರಡು ದಿನದೊಳಗೆ, ಅವರ ಮೇಲ್‌ಗೇ ರಿಪ್ಲೈ ಒತ್ತಿ ಬರೆಯಿರಿ. ಮುಂದೆ ತೆರೆದಾಗ ಹಳೆಯ ಮಾತುಕತೆ, ಪಿಚ್ ಡೆಕ್ ಎಲ್ಲ ಒಂದೇ ಕಡೆ ಸಿಗಬೇಕು.

> ನಮಸ್ಕಾರ ಸರ್. ಸಮಯ ಕೊಟ್ಟು ನಮ್ಮ ಲೆಕ್ಕ ನೋಡಿದ್ದಕ್ಕೆ, ಬೇಗ ತಿಳಿಸಿದ್ದಕ್ಕೆ ಧನ್ಯವಾದ. ಒಂದೇ ಪ್ರಶ್ನೆ: ನಿಮಗೆ ಜಾಸ್ತಿ ಅನುಮಾನ ಬಂದದ್ದು ಸುಗ್ಗಿ ಮುಗಿದ ಮೇಲೆ ಯಂತ್ರ ಖಾಲಿ ನಿಲ್ಲುವ ಬಗ್ಗೆಯೋ, ಗಿರಾಕಿಗಳು 9 ಜನ ಮಾತ್ರ ಎಂಬ ಬಗ್ಗೆಯೋ? ಬೇರೆ ಕಾರಣವಿದ್ದರೆ ಒಂದು ಸಾಲು ಸಾಕು. ಈ ಸಲ ಅಡಿಕೆ ಕೊಯ್ಲಿಗೆ ಶಿರಸಿ ಕಡೆ 4 ಯಂತ್ರ ಕಳಿಸುತ್ತಿದ್ದೇವೆ. ಅದರ ಬಾಡಿಗೆಯ ಲೆಕ್ಕವನ್ನು ಜನವರಿಯಲ್ಲಿ ಕಳಿಸಬಹುದೇ?

ಇಷ್ಟೇ. ಅಡಿಕೆಯ ಏರ್ಪಾಡು ನಿಜವಾಗಿ ಆಗಿದ್ದರೆ ಮಾತ್ರ ಆ ಸಾಲು ಇರಲಿ. ಉತ್ತರ ಬರದಿದ್ದರೆ ನೆನಪಿಸಬೇಡಿ, ಆದರೆ ಜನವರಿಯ ಮೇಲ್ ತಪ್ಪಿಸಬೇಡಿ. ನಾಲ್ಕರಲ್ಲಿ ಎರಡೇ ಯಂತ್ರ ಓಡಿದ್ದರೂ ಎರಡು ಎಂದೇ ಬರೆಯಿರಿ. ಹೇಳಿದ ತಿಂಗಳಿಗೆ, ಹೇಳಿದ ಲೆಕ್ಕ ಬಂತಾ ಎಂಬುದನ್ನೇ ಅವರು ನೋಡುವುದು.

‘ಎರಡೂ ಅಲ್ಲ, ಮಾರಾಟ ನೋಡಿಕೊಳ್ಳುವವರು ನಿಮ್ಮಲ್ಲಿಲ್ಲ’ ಎಂದು ಉತ್ತರ ಬರಬಹುದು. ಆಗ ಸಮರ್ಥನೆಗೆ ಹೋಗದೆ ಧನ್ಯವಾದ ಹೇಳಿ ಬರೆದಿಟ್ಟುಕೊಳ್ಳಿ. ಒಬ್ಬರ ಮಾತಿಗೆ ವ್ಯಾಪಾರದ ದಾರಿಯನ್ನೇ ಬದಲಿಸುವುದು ನನಗೆ ಭಯದ ವಿಷಯ. ಇನ್ನಿಬ್ಬರು ಅದನ್ನೇ ಹೇಳಲಿ, ಆಮೇಲೆ ನೋಡಿ.

ಪ್ರಶ್ನೆ: ಅದೇ ಪತ್ರದಲ್ಲಿ ಬೇರೆ ಹೂಡಿಕೆದಾರರ ಪರಿಚಯ ಕೇಳಬಹುದಾ?

ಬೇಡ. ಆ ಇನ್ನೊಬ್ಬರು ಮೊದಲು ಕೇಳುವುದೇ ‘ನೀವ್ಯಾಕೆ ದುಡ್ಡು ಹಾಕಲಿಲ್ಲ?’ ಎಂದು.

ಪ್ರಶ್ನೆ: ವ್ಯಾಲ್ಯುಯೇಷನ್ ಇಳಿಸುತ್ತೇವೆ ಎಂದರೆ ಒಪ್ಪುತ್ತಾರಾ?

ಬೆಲೆ ಜಾಸ್ತಿ ಆಯ್ತು ಎಂದು ಅವರು ಹೇಳಿದ್ದರೆ ಮಾತ್ರ ಆ ಮಾತು ತೆಗೆಯಿರಿ.