ಎಂಟು ತಿಂಗಳಿಗೇ ಬಂಜೆ ಅಂದರೆ ಹೇಗೆ, ಅಕ್ಕಾವರೇ?

"ನನ್ನ ಸೊಸಿಗೆ ಒಂದು ಹೆಣ್ಣು ಕೂಸು ಐತಿ. ಎರಡನೇದಕ್ಕ ಅಂತರ ಇರಲಿ ಅಂತ ಸರ್ಕಾರಿ ದವಾಖಾನ್ಯಾಗ ಮೂರು ತಿಂಗಳ ಸೂಜಿ ಮಾಡಿಸಿಕೊಂಡಳು. ನಾಲ್ಕು ಸೂಜಿ ಆದ್ವು. ಮೈ ಬಂತು, ಮಾರಿ ಸಪ್ಪಗಾತು. ಜೂನ್‌ನಾಗ ಕೊನೀ ಸೂಜಿ, ಈಗ ಫೆಬ್ರುವರಿ, ಇನ್ನೂ ಬಸುರಾಗಿಲ್ಲ. ಸೂಜಿ ಗರ್ಭಚೀಲಾನ ಒಣಗಿಸ್ತೈತಿ ಅಂತ ಓಣ್ಯಾಗ ಅಂತಾರ. ಖರೇ ಏನ್ರೀ?"
ಒಬ್ಬ ಅತ್ತೆ, ಇಂಡಿ ತಾಲೂಕು, ವಿಜಯಪುರ ಜಿಲ್ಲೆ

ಅಕ್ಕಾವರೇ, ನೀವು ತಿಂಗಳು ಬರೆದು ಕಳಿಸಿದ್ದು ದೊಡ್ಡ ಉಪಕಾರ. ಈ ವಿಷಯದ ಮೇಲೆ ಬರುವ ಪತ್ರಗಳಲ್ಲಿ ಭಯ ಇರುತ್ತದೆ, ಸಿಟ್ಟು ಇರುತ್ತದೆ, ಲೆಕ್ಕ ಮಾತ್ರ ಇರಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಸಿಗೋದೇ ಆ ಲೆಕ್ಕದಲ್ಲಿ.

ನೀವು ಹೇಳುತ್ತಿರುವುದು 2017ರಿಂದ ಸರ್ಕಾರ ಪುಕ್ಕಟೆ ಕೊಡುತ್ತಿರುವ 'ಅಂತರಾ' ಸೂಜಿ. ಒಂದು ಸೂಜಿಯಲ್ಲಿ 150 ಮಿಲಿಗ್ರಾಂ ಔಷಧಿ. ಅದು ನೀರಿನಲ್ಲಿ ಕರಗಿರುವುದಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಾಗಿ ತೇಲುತ್ತಿರುತ್ತದೆ. ಅದಕ್ಕೇ ನರ್ಸ್ ಬಾಟಲಿ ಚೆನ್ನಾಗಿ ಅಲ್ಲಾಡಿಸಿ ಆಮೇಲೆ ಚುಚ್ಚುವುದು. ಚುಚ್ಚಿದ ಜಾಗ ತಿಕ್ಕಬೇಡಿ ಅನ್ನುವುದೂ ಅದಕ್ಕೇ, ತಿಕ್ಕಿದರೆ ಬೇಗ ಕರಗಿಬಿಡುತ್ತದೆ. ಬಾಯಲ್ಲಿ ಇಟ್ಟುಕೊಂಡ ಕಲ್ಲುಸಕ್ಕರೆಯ ಹಾಗೆ ಆ ಹರಳು ಮಾಂಸಖಂಡದೊಳಗೆ ಕೂತು ಸಾವಕಾಶ ಕರಗುತ್ತದೆ. ಅಷ್ಟು ದಿನ ಅಂಡಾಶಯದಿಂದ ಮೊಟ್ಟೆ ಹೊರಬರುವುದಿಲ್ಲ.

ಮೂರು ತಿಂಗಳ ಸೂಜಿ ಅಂದರೆ ಮೂರು ತಿಂಗಳು ಖಾತ್ರಿ ಕಾಯುತ್ತದೆ ಎಂದು ಅರ್ಥ. ಮೂರು ತಿಂಗಳ ಮರುದಿನವೇ ಎಲ್ಲ ಖಾಲಿ ಎಂದಲ್ಲ. ಕಲ್ಲುಸಕ್ಕರೆಯ ಕೊನೆಯ ಚೂರು ಕೆಲವರಲ್ಲಿ ಬೇಗ ಕರಗುತ್ತದೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಈಗ ನಿಮ್ಮ ಸೊಸೆಯ ಲೆಕ್ಕ ಹಿಡಿಯೋಣ. ಕೊನೆಯ ಸೂಜಿ ಜೂನ್. ಸೆಪ್ಟೆಂಬರ್‌ವರೆಗೆ ಸೂಜಿ ತನ್ನ ಕೆಲಸ ಮಾಡಿದೆ, ಆ ತಿಂಗಳುಗಳನ್ನು ಲೆಕ್ಕದಲ್ಲಿ ಹಿಡಿಯುವುದೇ ತಪ್ಪು. ಮಗು ಬೇಕೆಂದು ಸೂಜಿ ಬಿಟ್ಟ ಹೆಂಗಸರನ್ನು ನೋಡಿದಾಗ, ಅವರಲ್ಲಿ ಅರ್ಧದಷ್ಟು ಜನ ಗರ್ಭಿಣಿಯಾಗಲು ಕೊನೆಯ ಸೂಜಿಯಿಂದ ಸುಮಾರು 10 ತಿಂಗಳು ಹಿಡಿದಿದೆ. ನಿಮ್ಮ ಮನೆಯಲ್ಲಿ ಅದು ಏಪ್ರಿಲ್‌ಗೆ ಬರುತ್ತದೆ. ಒಂದು ವರ್ಷದೊಳಗೆ ನೂರಕ್ಕೆ 68 ಜನ, ಒಂದೂವರೆ ವರ್ಷದೊಳಗೆ 93 ಜನ ಬಸುರಾಗಿದ್ದಾರೆ. ಅಂದರೆ ಫೆಬ್ರುವರಿಯಲ್ಲಿ ನಿಮ್ಮ ಸೊಸೆ ಅರ್ಧದಷ್ಟು ಜನ ಬಸುರಾಗುವ ಹೊತ್ತಿಗೂ ಇನ್ನೂ ಬಂದಿಲ್ಲ. ಓಣಿಯವರು ಮಾತ್ರ ಆಗಲೇ ತೀರ್ಪು ಬರೆದು ಮುಗಿಸಿದ್ದಾರೆ! ನಾಲ್ಕು ಸೂಜಿ ತಗೊಂಡರೆ ಜಾಸ್ತಿ ತಡ, ಒಂದೇ ತಗೊಂಡರೆ ಕಡಿಮೆ ತಡ ಅಂತಲೂ ಇಲ್ಲ.

ಗುಳಿಗೆ, ಕಾಂಡೋಮ್, ಕಾಪರ್-ಟಿ ಬಿಟ್ಟವರಿಗೆ ಇಷ್ಟು ತಡ ಆಗುವುದಿಲ್ಲ. ಬೇಗ ಇನ್ನೊಂದು ಮಗು ಬೇಕು ಅನ್ನುವವರಿಗೆ ಈ ಸೂಜಿ ಸರಿಯಾದ ಆಯ್ಕೆ ಅಲ್ಲ. ಈ ಒಂದು ಮಾತನ್ನು ಮೊದಲ ಸೂಜಿಗಿಂತ ಮುಂಚೆ ನಿಮ್ಮ ಸೊಸೆಗೆ ಯಾರಾದರೂ ಹೇಳಿದ್ದರಾ? ನನಗೆ ಅನುಮಾನ.

ನನ್ನ ತಕರಾರು ಇರೋದೇ ಇಲ್ಲಿ. ದವಾಖಾನೆಯವರ ಕಷ್ಟವೂ ಗೊತ್ತು. ಹೊರಗೆ ಸಾಲು, ಒಳಗೆ ಒಬ್ಬರೇ ನರ್ಸ್. ಆದರೂ "ಏನೂ ಆಗಂಗಿಲ್ಲ, ತಗೋ" ಅನ್ನುವ ಮಾತು ಮಾಡಿದಷ್ಟು ಹಾನಿಯನ್ನು ಯಾವ ಮೂಢನಂಬಿಕೆಯೂ ಮಾಡಿಲ್ಲ. ನನ್ನ ನಾದಿನಿಗೆ ಒಂದು ಆಸ್ಪತ್ರೆಯಲ್ಲಿ ಹೀಗೇ ಹೇಳಿ ಕಳಿಸಿದ್ದರು. ಮೂರನೇ ಸೂಜಿಗೆ ಮುಟ್ಟು ನಿಂತಿತು. ಕೆಟ್ಟ ರಕ್ತ ಹೊಟ್ಟೆಯಲ್ಲೇ ತುಂಬುತ್ತಿದೆ ಎಂದು ಆಕೆ ನಿದ್ದೆಗೆಟ್ಟಳು, ನಾಟಿ ಕಷಾಯ ಕುಡಿದು ವಾಂತಿ ಮಾಡಿಕೊಂಡಳು. ಈ ಸೂಜಿ ವರ್ಷ ತಗೊಂಡವರಲ್ಲಿ ಅರ್ಧದಷ್ಟು ಜನಕ್ಕೆ ಮುಟ್ಟು ನಿಲ್ಲುತ್ತದೆ. ಗರ್ಭಕೋಶದ ಒಳಪದರ ತೆಳುವಾಗಿಯೇ ಉಳಿಯುತ್ತದೆ, ಉದುರಲು ಏನೂ ಇರುವುದಿಲ್ಲ, ಅಷ್ಟೇ. 'ಒಣಗುತ್ತೆ' ಅನ್ನುವ ಮಾತು ಹುಟ್ಟಿದ್ದೂ ಇಲ್ಲಿಂದಲೇ ಇರಬೇಕು.

ಮೈ ಬಂದದ್ದು? ಸುಳ್ಳಲ್ಲ. ಈ ಸೂಜಿಯಿಂದ ಮೊದಲ ವರ್ಷ ಸರಾಸರಿ ಎರಡರಿಂದ ಎರಡೂವರೆ ಕೆಜಿ ಏರುತ್ತದೆ. ಕೆಲವರಿಗೆ ಏನೂ ಏರುವುದಿಲ್ಲ, ಕೆಲವರಿಗೆ ಇನ್ನೂ ಜಾಸ್ತಿ. ಮೊದಲ ಆರು ತಿಂಗಳಲ್ಲೇ ತೂಕ ನೂರಕ್ಕೆ ಐದರಷ್ಟು, ಅಂದರೆ 50 ಕೆಜಿಯವಳಿಗೆ ಎರಡೂವರೆ ಕೆಜಿ ಏರಿದರೆ, ಮುಂದೆಯೂ ಏರುವ ಸಂಭವ ಜಾಸ್ತಿ. ಆಗಲೇ ಬೇರೆ ಸಾಧನ ಕೇಳಬೇಕು. ಆದರೆ ಮೊದಲ ಸೂಜಿಯ ದಿನ ತೂಕ ಬರೆದಿಟ್ಟಿದ್ದರೆ ತಾನೇ ಇದೆಲ್ಲ ತಿಳಿಯೋದು?

ಹಾಗೆಂದು ಎಲ್ಲ ಸಾಧನದ ಮೇಲೂ ಇದೇ ದೂರು ಹೊರಿಸಬೇಡಿ. ಗುಳಿಗೆಯನ್ನು ಔಷಧಿಯಿಲ್ಲದ ಪೊಳ್ಳು ಗುಳಿಗೆಯ ಪಕ್ಕ ಇಟ್ಟು ಪರೀಕ್ಷೆ ಮಾಡಿದಾಗ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಕಾಪರ್-ಟಿಯಲ್ಲಂತೂ ಹಾರ್ಮೋನೇ ಇಲ್ಲ, ತಾಮ್ರ ಮತ್ತು ಪ್ಲಾಸ್ಟಿಕ್. ಮುಟ್ಟಿನ ರಕ್ತ, ನೋವು ಜಾಸ್ತಿ ಆಗಬಹುದು, ಮೈ ಬರಲು ಅದು ಕಾರಣವಲ್ಲ. ನಮ್ಮ ಮನೆಯಲ್ಲೇ ಕಾಪರ್-ಟಿ ಮೇಲೆ ಆರು ಕೆಜಿಯ ಆರೋಪ ಬಂದಿತ್ತು. ಅಡುಗೆಮನೆಯ ಡಬ್ಬಿ ತೆಗೆದು ನೋಡಿದರೆ ಬಾಣಂತಿಗೆಂದು ತವರಿನಿಂದ ಬಂದ ಅಂಟಿನುಂಡಿ. ಕೊಬ್ಬರಿ, ಉತ್ತತ್ತಿ, ಬೆಲ್ಲ, ಕೈಗೆ ಹತ್ತುವಷ್ಟು ತುಪ್ಪ. ದಿನಕ್ಕೆರಡು, ಐದು ತಿಂಗಳು. ಉಂಡಿಯನ್ನು ಯಾರೂ ಬಯ್ಯಲಿಲ್ಲ.

ಮುಖ ಸಪ್ಪಗಾದ ಮಾತು ಸ್ವಲ್ಪ ನಾಜೂಕು. ಡೆನ್ಮಾರ್ಕ್‌ನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹೆಂಗಸರ ದಾಖಲೆ ನೋಡಿ 2016ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಖಿನ್ನತೆಯ ಔಷಧಿ ಹೊಸದಾಗಿ ಶುರು ಮಾಡಿದವರು ಹಾರ್ಮೋನ್ ಸಾಧನ ಬಳಸದವರಲ್ಲಿ ವರ್ಷಕ್ಕೆ ನೂರಕ್ಕೆ 1.7, ಬಳಸುವವರಲ್ಲಿ 2.2. ಹದಿಹರೆಯದವರಲ್ಲಿ ವ್ಯತ್ಯಾಸ ಇನ್ನೂ ದೊಡ್ಡದಿತ್ತು. ಹಾರ್ಮೋನೇ ಕಾರಣ ಎಂದು ಇದರಿಂದ ಸಿದ್ಧವಾಗುವುದಿಲ್ಲ, ಆದರೆ "ಎಲ್ಲ ನಿನ್ನ ಭ್ರಮೆ" ಎಂದು ಬಾಯಿ ಮುಚ್ಚಿಸಲೂ ಆಗುವುದಿಲ್ಲ. ಸೂಜಿ ಶುರುವಾದ ಮೇಲೆ ಮನಸ್ಸು ಕುಗ್ಗಿದ್ದರೆ ಆಕೆಯ ಮಾತು ನಂಬಿ. ಜೊತೆಗೆ ಇನ್ನೊಂದನ್ನೂ ನೋಡಿ. ಮೊದಲನೆಯದು ಹೆಣ್ಣು, ಎರಡನೆಯದು ಯಾವಾಗ ಎಂದು ಬಂದವರೆಲ್ಲ ಕೇಳುವ ಮನೆಯಲ್ಲಿ ಯಾರ ಮುಖ ಅರಳೀತು? ಸಿಟ್ಟಾಗಬೇಡಿ ಅಕ್ಕಾವರೇ, ಪತ್ರವನ್ನು ಸೊಸೆ ಬರೆದಿದ್ದರೆ ಇನ್ನೂ ಏನೇನು ಇರುತ್ತಿತ್ತೋ.

ಮತ್ತೆ ಈ ಕತೆಯಲ್ಲಿ ನಿಮ್ಮ ಮಗ ಎಲ್ಲಿ? ಸೂಜಿ ಅವಳಿಗೆ, ತೂಕ ಅವಳದು, ಬಂಜೆ ಅನ್ನುವ ಹೆಸರೂ ಅವಳಿಗೇ. ಮೈಸೂರು ಸರ್ಕಾರ 1930ರಷ್ಟು ಹಿಂದೆಯೇ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದಿತ್ತು. ಅಷ್ಟು ವರ್ಷ ಕಳೆದರೂ ಗಂಡಸರು ಬಾಗಿಲ ಹೊರಗೆ ಬೈಕ್ ಮೇಲೆ ಕೂತು ಕಾಯುವುದು ಬಿಟ್ಟಿಲ್ಲ. ಕಾಂಡೋಮ್ ಪುಕ್ಕಟೆ ಸಿಗುತ್ತದೆ, ಕೇಳಲು ನಾಚಿಕೆ. ಗಂಡಸರ ಆಪರೇಷನ್ ಹತ್ತಿಪ್ಪತ್ತು ನಿಮಿಷದ ಕೆಲಸ, ಆದರೆ "ಹೊಲದ ಕೆಲಸಕ್ಕೆ ಶಕ್ತಿ ಹೋಗುತ್ತೆ" ಅನ್ನುತ್ತಾರೆ. ಹೆಣ್ಣಿನ ಮೈ ಬಗ್ಗೆ ಇರುವ ಕಟ್ಟುಕತೆಗಳಿಗೆ ಸಿಗುವ ಅರ್ಧ ಗಮನ ಈ ಕಟ್ಟುಕತೆಗೂ ಸಿಕ್ಕಿದ್ದರೆ!

ಸರಿ, ಈಗ ಮಾಡಬೇಕಾದ್ದು. ಮೊದಲು ಒಂದು ಮೂತ್ರ ಪರೀಕ್ಷೆ ಮಾಡಿಸಿ, ಮುಟ್ಟು ಬಾರದಿದ್ದರೆ ಅದು ಬಸಿರೇ ಇರಬಹುದು, ಯಾರಿಗೆ ಗೊತ್ತು. ಮೈ ಬರುವುದು, ಸಪ್ಪಗಾಗುವುದು ಎರಡೂ ಸೇರಿದರೆ ಥೈರಾಯ್ಡ್ ನೋಡಿಸಿ, ಜೊತೆಗೆ ಹಿಮೋಗ್ಲೋಬಿನ್. ಸೊಸೆಗೆ 35 ದಾಟಿದ್ದರೆ ಈಗಲೇ ಡಾಕ್ಟರರ ಹತ್ತಿರ ಹೋಗಿ. ಚಿಕ್ಕ ವಯಸ್ಸಾದರೆ ಸೆಪ್ಟೆಂಬರ್‌ನಿಂದ ಲೆಕ್ಕ ಹಿಡಿದು ಒಂದು ವರ್ಷ ನೋಡಿ. ಆಗಲೂ ಆಗದಿದ್ದರೆ ಗಂಡ ಹೆಂಡತಿ ಇಬ್ಬರೂ ಹೋಗಲಿ, ಮೊದಲು ವೀರ್ಯ ಪರೀಕ್ಷೆ ಆಗಲಿ. ಅದು ಅಗ್ಗ, ಚುಚ್ಚುವುದು ಕೊಯ್ಯುವುದು ಏನೂ ಇಲ್ಲ. ಹೋಗುವಾಗ ಸೂಜಿಯ ಕಾರ್ಡ್ ತಗೊಂಡು ಹೋಗಿ, ಅದರ ಮೇಲೆ ಕೊನೆಯ ಸೂಜಿಯ ತಾರೀಖು ಇರುತ್ತದೆ.