ರಾತ್ರಿಯ ಅನ್ನ, ಬೆಳಗಿನ ಬಾಣಲೆ

ಪ್ರಶ್ನೆ: ರಾತ್ರಿ ಮಾಡಿದ ಅನ್ನ ಅಡುಗೆಮನೆಯ ಕಟ್ಟೆಯ ಮೇಲೇ ಇತ್ತು. ಬೆಳಿಗ್ಗೆ ಎಂಟಕ್ಕೆ ಮೊಟ್ಟೆ ಹಾಕಿ, ಜೋರು ಉರಿಯಲ್ಲಿ ಹುರಿದು ಫ್ರೈಡ್ ರೈಸ್ ಮಾಡಿಕೊಂಡು ತಿಂದೆವು. ಅನ್ನ ಹಳಸಿದ ವಾಸನೆ ಇರಲಿಲ್ಲ. ಹತ್ತೂವರೆಗೆಲ್ಲ ನನಗೂ ರೂಮಿನ ಗೆಳೆಯನಿಗೂ ವಾಂತಿ. ಅಷ್ಟು ಬಿಸಿ ಮಾಡಿದ ಮೇಲೂ ಹೀಗಾಗುತ್ತದೆಯೇ? ತಪ್ಪು ಮೊಟ್ಟೆಯದ್ದೇ?

ಉತ್ತರ: ಆಗುತ್ತದೆ. ಮೊಟ್ಟೆಯ ಮೇಲೆ ನನಗೆ ಅನುಮಾನವಿಲ್ಲ. ಮೊಟ್ಟೆಯಿಂದ ಬರುವ ಸಾಲ್ಮೊನೆಲ್ಲಾ ಸಾಮಾನ್ಯವಾಗಿ ಆರು ಗಂಟೆಯಾದರೂ ತೆಗೆದುಕೊಳ್ಳುತ್ತದೆ, ಜೊತೆಗೆ ಜ್ವರವನ್ನೂ ಭೇದಿಯನ್ನೂ ತರುತ್ತದೆ. ತಿಂದ ಎರಡೂವರೆ ಗಂಟೆಯೊಳಗೆ ಬರೀ ವಾಂತಿ ಎಂದರೆ, ವಿಷ ನಿಮ್ಮ ತಟ್ಟೆಗೆ ಬರುವ ಮೊದಲೇ ಸಿದ್ಧವಾಗಿತ್ತು ಎಂದು ಅರ್ಥ. ಅಡುಗೆ ಮಾಡುವವರ ಕೈಯಿಂದ ಸೇರುವ ಸ್ಟ್ಯಾಫಿಲೊಕಾಕಸ್ ಕೂಡ ಹೀಗೆಯೇ ಬೇಗ ವಾಂತಿ ಮಾಡಿಸಬಲ್ಲದು. ಆದರೆ ರಾತ್ರಿಯಿಡೀ ಹೊರಗಿದ್ದ ಅನ್ನ ಎಂದಾಗ ಮೊದಲು ನೆನಪಾಗುವ ಹೆಸರು ಬ್ಯಾಸಿಲಸ್ ಸೀರಿಯಸ್.

ಇದು ಮಣ್ಣಿನ ಬ್ಯಾಕ್ಟೀರಿಯ. ಗದ್ದೆಯಿಂದ ಭತ್ತದ ಜೊತೆ ಬಂದು ಅಕ್ಕಿಯಲ್ಲಿ ಉಳಿಯುತ್ತದೆ, ಅದೂ ಬೀಜಕದ ರೂಪದಲ್ಲಿ. ಗಟ್ಟಿ ಕವಚದೊಳಗೆ ನಿದ್ದೆ ಹೋದ ಜೀವ ಎಂದುಕೊಳ್ಳಿ. ಅಕ್ಕಿಯನ್ನು ಎಷ್ಟು ಸಲ ತೊಳೆದರೂ ಪೂರ್ತಿ ಹೋಗುವುದಿಲ್ಲ, ಕುದಿಯುವ ನೀರಿನಲ್ಲಿಯೂ ಸಾಕಷ್ಟು ಬದುಕುಳಿಯುತ್ತದೆ. ಸಾಲದ್ದಕ್ಕೆ, ಬೇಯಿಸುವ ಬಿಸಿಯೇ ಅದನ್ನು ಎಬ್ಬಿಸುತ್ತದೆ. ಪೈಪೋಟಿ ಕೊಡಬಹುದಾಗಿದ್ದ ಬೇರೆ ಜೀವಿಗಳೆಲ್ಲ ಅಷ್ಟರಲ್ಲಿ ಸತ್ತಿರುತ್ತವೆ. ಎದ್ದ ಬೀಜಕಕ್ಕೆ ಸಿಗುವುದು ತೇವವಿರುವ, ಪಿಷ್ಟ ತುಂಬಿದ, ಹದವಾಗಿ ಬೆಚ್ಚಗಿರುವ ಅನ್ನ, ಮತ್ತು ಖಾಲಿ ಮೈದಾನ.

ಹಾಗೆ ಬೆಳೆಯುತ್ತ ಇದರ ಕೆಲವು ತಳಿಗಳು ಸೀರಿಯುಲೈಡ್ ಎಂಬ ವಿಷವನ್ನು ಅನ್ನಕ್ಕೆ ಬಿಡುತ್ತವೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ. ಈ ವಿಷ ಉಂಗುರದಂತೆ ಮುಚ್ಚಿಕೊಂಡ ಸಣ್ಣ ಅಣು. 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೂವರೆ ಗಂಟೆ ಇಟ್ಟರೂ ಕೆಡುವುದಿಲ್ಲ. ನಿಮ್ಮ ಬಾಣಲೆಯ ತಳ ಎಷ್ಟೇ ಕಾದಿರಲಿ, ತೇವವಿರುವ ಅನ್ನದ ಅಗುಳಿನ ಒಳಗಿನ ಬಿಸಿ ನೂರು ಡಿಗ್ರಿಯ ಸುತ್ತಮುತ್ತಲೇ, ಅದೂ ನಾಲ್ಕೈದು ನಿಮಿಷ. ಬ್ಯಾಕ್ಟೀರಿಯ ಸಾಯುತ್ತದೆ, ಅದು ಮಾಡಿಟ್ಟದ್ದು ಉಳಿಯುತ್ತದೆ. ಹೊಟ್ಟೆಯ ಆಮ್ಲಕ್ಕೂ ಜೀರ್ಣರಸಕ್ಕೂ ಅದು ಜಗ್ಗುವುದಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅನ್ನ ಹಳಸಿದ ವಾಸನೆ, ಎಳೆಎಳೆಯಾಗುವ ಲೋಳೆ ಇವೆಲ್ಲ ಹಾಳಾಗಿರುವುದರ ಗುರುತು ನಿಜ; ಅವು ಇಲ್ಲದಿದ್ದರೆ ಅನ್ನ ಚೆನ್ನಾಗಿದೆ ಎಂದು ತೀರ್ಮಾನಿಸುವಂತಿಲ್ಲ.

ಇದನ್ನು ಪುಸ್ತಕದಲ್ಲಿ ಓದಿ, ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದ ನಾನೇ ಒಮ್ಮೆ ಮೋಸಹೋದೆ. ನಮ್ಮ ಮನೆಯ ನಾಮಕರಣದ ರಾತ್ರಿ ದೊಡ್ಡ ದಬರಿಯಲ್ಲಿ ಮೂರು ಸೇರಿನಷ್ಟು ಅನ್ನ ಉಳಿಯಿತು. ಮುಚ್ಚಳ ಹಾಕಿ ಮಲಗಿದೆವು. ಬೆಳಿಗ್ಗೆ ಅತ್ತೆ ಅದನ್ನು ತೋಡಿದಾಗ ಮೇಲಿನದು ತಣ್ಣಗಿತ್ತು, ನಡುವಿನದು ಇನ್ನೂ ಕೈಗೆ ಬೆಚ್ಚಗಿತ್ತು. "ನೋಡು, ಇನ್ನೂ ಬಿಸಿ ಆರಿಲ್ಲ, ಹೇಗೆ ಕೆಟ್ಟೀತು?" ಎಂದರು. ನಾನೂ ಹೂಂ ಎಂದೆ. ಒಗ್ಗರಣೆ ಹಾಕಿ, ಮುಚ್ಚಿ ಹಬೆಯಾಡಿಸಿ, ನಿಂಬೆಹಣ್ಣು ಹಿಂಡಿ ಚಿತ್ರಾನ್ನವಾಯಿತು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಜನ ಬಚ್ಚಲ ಬಾಗಿಲಲ್ಲಿ ಸರದಿ ನಿಂತಿದ್ದೆವು.

ಮರುದಿನ ದಬರಿಯ ತಳದಲ್ಲಿ ಉಳಿದಿದ್ದ ಬರೀ ಅನ್ನವನ್ನೂ, ಉಳಿದ ಚಿತ್ರಾನ್ನವನ್ನೂ (ಎರಡನ್ನೂ ಹಿಂದಿನ ದಿನವೇ ಫ್ರಿಜ್‌ಗೆ ಹಾಕಿಸಿದ್ದೆ) ಪ್ರಯೋಗಾಲಯಕ್ಕೆ ಒಯ್ದೆ. ಮೊಟ್ಟೆಯ ಹಳದಿ ಬೆರೆಸಿದ ಅಗಾರ್ ತಟ್ಟೆಗಳಲ್ಲಿ ಹರಡಿ, 30 ಡಿಗ್ರಿಯಲ್ಲಿ ಒಂದು ದಿನ ಇಟ್ಟೆ. ಬರೀ ಅನ್ನದ ತಟ್ಟೆಯಲ್ಲಿ ಗುಲಾಬಿ ಬಣ್ಣದ ಒರಟು ಗುಂಪುಗಳು, ಪ್ರತಿಯೊಂದರ ಸುತ್ತ ಬಿಳಿಯ ಮಬ್ಬು ಬಳೆ; ಬ್ಯಾಸಿಲಸ್ ಸೀರಿಯಸ್‌ನ ಗುರುತು ಅದೇ. ಲೆಕ್ಕ ಹಾಕಿದರೆ ಗ್ರಾಮಿಗೆ ಲಕ್ಷಗಳನ್ನು ಮೀರಿತ್ತು. ಚಿತ್ರಾನ್ನದ ತಟ್ಟೆಯಲ್ಲಿ ಬೆರಳೆಣಿಕೆಯಷ್ಟು. ಆ ಎರಡನೆಯ ತಟ್ಟೆಯನ್ನಷ್ಟೇ ಯಾರಾದರೂ ನೋಡಿದ್ದರೆ ಚಿತ್ರಾನ್ನ ಪರಿಶುದ್ಧ ಎಂದು ಬರೆದುಕೊಡುತ್ತಿದ್ದರು. ವಾಂತಿ ಮಾಡಿಕೊಂಡವರೆಲ್ಲ ತಿಂದದ್ದು ಅದನ್ನೇ. ವಿಷವನ್ನು ಅಳೆಯುವ ಸಲಕರಣೆ ನಮ್ಮಲ್ಲಿರಲಿಲ್ಲ, ಆದ್ದರಿಂದ ಇದನ್ನು ಸಾಕ್ಷ್ಯ ಎನ್ನಲಾರೆ, ಬಲವಾದ ಸುಳಿವು ಎನ್ನುತ್ತೇನೆ.

ಅತ್ತೆ ಭರವಸೆಯಿಟ್ಟ ಆ "ಇನ್ನೂ ಬೆಚ್ಚಗಿದೆ" ಎಂಬುದೇ ಕೇಡಿನ ಮೂಲ. 60 ಡಿಗ್ರಿಗಿಂತ ಮೇಲಿದ್ದರೆ ಈ ಬ್ಯಾಕ್ಟೀರಿಯ ಬೆಳೆಯದು. ಫ್ರಿಜ್‌ನ ಐದು ಡಿಗ್ರಿಯಲ್ಲಿ ಬೆಳವಣಿಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ನಡುವಿನ ಬೆಚ್ಚಗೆಯಲ್ಲಿ, ಅದರಲ್ಲೂ 30ರಿಂದ 37ರ ಆಸುಪಾಸಿನಲ್ಲಿ, ಅದಕ್ಕೆ ಹಬ್ಬ. ದೊಡ್ಡ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಅಲ್ಲಿಯೇ ನಿಂತಿರುತ್ತದೆ.

ಇನ್ನು ನಿಂಬೆಹಣ್ಣು. ಹುಳಿ ಇದ್ದರೆ ಕೆಡುವುದಿಲ್ಲ ಎಂಬ ಮಾತು ಸುಳ್ಳಲ್ಲ, ಹೊತ್ತು ತಪ್ಪಿದೆ ಅಷ್ಟೆ. ಹುಳಿ ಬ್ಯಾಕ್ಟೀರಿಯದ ಬೆಳವಣಿಗೆಯನ್ನು ತಡೆಯುತ್ತದೆ, ಆಗಲೇ ಆದ ವಿಷವನ್ನು ಮುಟ್ಟುವುದಿಲ್ಲ. ಬೆಳಿಗ್ಗೆ ಹಿಂಡಿದ ನಿಂಬೆ ರುಚಿಗೆ ಮಾತ್ರ. ರಾತ್ರಿಯೇ ನೀರು ಹೊಯ್ದಿಟ್ಟ ತಂಗಳನ್ನದ ಕಥೆ ಬೇರೆ. ಅಲ್ಲಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಗಳು ಹುಳಿ ಹಿಡಿಸುತ್ತ ಇದನ್ನು ಹಿಮ್ಮೆಟ್ಟಿಸುತ್ತವೆ. ಆದರೆ ಹುಳಿ ಎಷ್ಟು ಬೇಗ ಹಿಡಿಯುತ್ತದೆ ಎಂಬುದು ಮನೆಯಿಂದ ಮನೆಗೆ ಬದಲಾಗುವುದರಿಂದ ಅದಕ್ಕೂ ನಾನು ಜಾಮೀನು ನಿಲ್ಲುವುದಿಲ್ಲ.

ಈ ಕಾಯಿಲೆ ವೈದ್ಯರ ಗಮನಕ್ಕೆ ಬಂದದ್ದೇ ಫ್ರೈಡ್ ರೈಸ್‌ನಿಂದ. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳಲ್ಲಿ ಉಂಡವರಿಗೆ ಮತ್ತೆ ಮತ್ತೆ ಹೀಗಾಯಿತು. ಅಲ್ಲಿಯ ಬಾಣಸಿಗರು ಅನ್ನವನ್ನು ರಾಶಿ ಬೇಯಿಸಿ, ನೀರಾರಲೆಂದು ಹೊರಗಿಡುತ್ತಿದ್ದರು. ಫ್ರಿಜ್‌ಗೆ ಇಟ್ಟರೆ ಹೆಂಟೆ ಕಟ್ಟುತ್ತದೆ, ಬಾಣಲೆಯಲ್ಲಿ ಉದುರುದುರಾಗುವುದಿಲ್ಲ ಎಂಬುದು ಅವರ ದೂರು. ಬಹುಶಃ ನಿಮ್ಮದೂ ಅದೇ.

ಅದಕ್ಕೆ ನಾನು ಈಗ ಮಾಡುವುದು ಇಷ್ಟು. ಊಟ ಮುಗಿಯುತ್ತಲೇ ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಒಂದಂಗುಲಕ್ಕಿಂತ ತೆಳ್ಳಗೆ ಹರಡಿ ಫ್ಯಾನಿನ ಕೆಳಗೆ ಇಡುತ್ತೇನೆ. ಅರ್ಧ ಗಂಟೆಯಲ್ಲಿ ಬಿಸಿಯೂ ಆರುತ್ತದೆ, ಮೇಲಿನ ತೇವವೂ ಹೋಗುತ್ತದೆ. ಆಮೇಲೆ ತೆಳುವಾದ ಡಬ್ಬಿಯಲ್ಲಿ ಫ್ರಿಜ್‌ಗೆ, ಮರುದಿನವೇ ಖರ್ಚು. ರಾತ್ರಿ ಮರೆತು ಹೊರಗೇ ಉಳಿದರೆ ಚೆಲ್ಲುತ್ತೇನೆ, ಹೊಟ್ಟೆ ಉರಿದರೂ ಸರಿ.

ನಿಮ್ಮ ವಾಂತಿ ಒಂದು ದಿನದೊಳಗೆ ತಾನಾಗಿ ನಿಲ್ಲುವ ಸಾಧ್ಯತೆಯೇ ಹೆಚ್ಚು. ಓಆರ್‌ಎಸ್ ಅನ್ನು ಗುಟುಕು ಗುಟುಕಾಗಿ ಕುಡಿಯಿರಿ. ಒಂದು ದಿನ ಕಳೆದರೂ ನಿಲ್ಲದಿದ್ದರೆ, ಕಣ್ಣು ಹಳದಿಯಾದರೆ, ಮಂಪರು ಕವಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಅನ್ನ ಎಷ್ಟು ಹೊತ್ತು ಹೊರಗಿತ್ತು ಎಂಬುದನ್ನೂ ಹೇಳಿ. ಅಪರೂಪಕ್ಕೆ ಈ ವಿಷ ಯಕೃತ್ತನ್ನು ಹಿಡಿಯುತ್ತದೆ. 2008ರಲ್ಲಿ ಬ್ರಸೆಲ್ಸ್‌ನಲ್ಲಿ ಐದು ದಿನ ಹೊರಗಿಟ್ಟಿದ್ದ ಸ್ಪಗೆಟಿಯನ್ನು ಬಿಸಿ ಮಾಡಿ ತಿಂದ ಇಪ್ಪತ್ತು ವರ್ಷದ ವಿದ್ಯಾರ್ಥಿ ಹಾಗೆಯೇ ತೀರಿಕೊಂಡ.

ಫ್ರಿಜ್‌ನಿಂದ ತೆಗೆದ ಅನ್ನ ಹೆಂಟೆ ಕಟ್ಟಿದ್ದರೆ, ಬಾಣಲೆಗೆ ಹಾಕುವ ಮೊದಲು ತೊಳೆದ ಬೆರಳುಗಳನ್ನು ನೀರಿನಲ್ಲಿ ಅದ್ದಿ ಬಿಡಿಸಿ. ಎರಡು ನಿಮಿಷದ ಕೆಲಸ, ಅಗುಳು ಒಂದೂ ಮುರಿಯುವುದಿಲ್ಲ.