ಜುಮುಕಿ ಫೋಟೋಗೆ ಲೈಟ್ ಬೇಕಾ?

"ದಾವಣಗೆರೆಯಲ್ಲಿ ಒಂದು ಗ್ರಾಂ ಗೋಲ್ಡ್ ಜುಮುಕಿ ಮಾರ್ತೀನಿ. ಬಿಳಿ ಡ್ರಾಯಿಂಗ್ ಶೀಟ್ ಮೇಲಿಟ್ಟರೂ ಹಿನ್ನೆಲೆ ಬೂದು ಬರುತ್ತೆ, ಜುಮುಕಿ ಮೇಲೆ ಕಪ್ಪು ಕಲೆ. ಲೈಟ್ ತಗೋಬೇಕಾ?"

ಬೇಡ, ಸುಮ್ನೆ ದುಡ್ಡು ದಂಡ. ಆ ಕಪ್ಪು ನಿಮ್ಮ ಫೋನು, ಕೈಗಳದ್ದೇ ಬಿಂಬ. ಹೊಳೆಯುವ ಲೋಹ ಎದುರಿಗಿದ್ದದ್ದನ್ನೆಲ್ಲ ತೋರಿಸುತ್ತದೆ ಅಲ್ವಾ? ಫೋನನ್ನು ಒಂದೂವರೆ ಅಡಿ ಹಿಂದಕ್ಕೆ ಹಿಡಿದು 2x ಇಟ್ಟು ತೆಗೆಯಿರಿ, ಬಿಂಬ ಚಿಕ್ಕದಾಗುತ್ತದೆ. ತೀರಾ ಹತ್ತಿರ ಹೋದರೆ ಫೋಕಸ್ಸೂ ಕೂರುವುದಿಲ್ಲ. ಆಮೇಲೂ ಕಪ್ಪು ಉಳಿದರೆ ಬಿಳಿ ಹಾಳೆಯಲ್ಲಿ ಲೆನ್ಸ್ ಗಾತ್ರದ ತೂತು ಮಾಡಿ ಅದರೊಳಗಿಂದ ತೆಗೆಯಿರಿ, ಆಗ ಜುಮುಕಿಯಲ್ಲಿ ಕಾಣೋದು ಹೆಚ್ಚಾಗಿ ಹಾಳೆಯ ಬಿಳಿಯೇ.

ಬೂದು ಬಣ್ಣದ್ದು ಬೇರೆ ಕಥೆ. ಎಲ್ಲ ಕಡೆ ಬಿಳಿ ಕಂಡರೆ ಕ್ಯಾಮೆರಾ ಬೆಳಕು ಜಾಸ್ತಿಯಾಯ್ತು ಅಂದುಕೊಂಡು ಫೋಟೋವನ್ನೇ ಮಂಕು ಮಾಡುತ್ತದೆ. ಜುಮುಕಿ ಮೇಲೆ ಬೆರಳು ಒತ್ತಿ ಹಿಡಿಯಿರಿ, ಹೆಚ್ಚಿನ ಫೋನ್‌ಗಳಲ್ಲಿ ಸೂರ್ಯನ ಗುರುತು ಬರುತ್ತದೆ, ಅದನ್ನು ನಿಧಾನಕ್ಕೆ ಮೇಲೆ ಎಳೆದು, ಅಂಚಿನ ಸಣ್ಣ ಗುಂಡುಗಳ ಗೆರೆ ಅಳಿಸಿಹೋಗುವ ಮೊದಲೇ ನಿಲ್ಲಿಸಿ.

ನಮ್ಮೂರ ಬಿಸಿಲು ನೇರ ಬಿದ್ದರೆ ಬರೀ ಚುಕ್ಕಿ ಚುಕ್ಕಿ ಮಿಂಚು. ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟಿ. ಟ್ಯೂಬ್‌ಲೈಟ್ ಆರಿಸಿ, ಎರಡು ತರದ ಬೆಳಕು ಬೆರೆತರೆ ಬಣ್ಣ ತಪ್ಪುತ್ತದೆ, ಗಿರಾಕಿ "ಫೋಟೋದಲ್ಲಿ ಹೀಗಿರಲಿಲ್ಲ" ಅಂತ ವಾಪಸ್ ಕಳಿಸುತ್ತಾರೆ.